ಅಜ್ಜಿ ಏಳನೇ ಫೋಟೋದಲ್ಲಿದ್ದರು

ಕಡಲೆಕಾಯಿ ಪರಿಷೆಗೆ ಹೋಗಿ ಬಂದ ರಾತ್ರಿ, ಕೈಗೆ ಹತ್ತಿದ್ದ ಮಣ್ಣನ್ನೂ ಸರಿಯಾಗಿ ತೊಳೆಯದೆ, ಹತ್ತು ಫೋಟೋ ಆರಿಸಿ ಇನ್‌ಸ್ಟಾಗ್ರಾಮಿಗೆ ಒಂದೇ ಪೋಸ್ಟಾಗಿ ಹಾಕಿದೆ. ಬೆರಳಲ್ಲಿ ಒಂದೊಂದಾಗಿ ಸರಿಸಿ ನೋಡುವುದಿದೆಯಲ್ಲ, ಕ್ಯಾರೊಸೆಲ್, ಅದು. ಕೆಳಗೆ ಉದ್ದದ ಬರಹ. ಮಲಗುವಾಗ ನನಗೆ ನಾನೇ ಭೇಷ್ ಅಂದುಕೊಂಡಿದ್ದೆ.

ಬೆಳಿಗ್ಗೆ ತಂಗಿ ಫೋನ್ ಮಾಡಿದಳು.

"ಅಕ್ಕ, ಏನೋ ಅಜ್ಜಿ ಅಂತ ಬರೆದಿದ್ದೀಯಲ್ಲ, ಎಲ್ಲಿ ಅಜ್ಜಿ? ನನಗೆ ಬಸವಣ್ಣ ಮಾತ್ರ ಕಂಡ."

"ಏಳನೇ ಫೋಟೋ ನೋಡೇ."

"ಏಳೋ! ನಾನು ಎರಡು ನೋಡಿ ಮುಂದೆ ಹೋದೆ ಕಣಕ್ಕ."

ಅವಳಿಗೆ ಓದುವ ಚಟ ಇದೆ. ಹಾಲಿನ ಪ್ಯಾಕೆಟ್ ಮೇಲಿನದ್ದನ್ನೂ ಬಿಡದೆ ಓದುವವಳು. ಅವಳಿಗೇ ಸಿಗದ ಅಜ್ಜಿ ಬೇರೆ ಯಾರಿಗೆ ಸಿಗುತ್ತಾರೆ? ಬಂದಿದ್ದ ಕಾಮೆಂಟುಗಳನ್ನು ಆಮೇಲೆ ನೋಡಿದೆ. ಎಲ್ಲವೂ ಮೊದಲ ಫೋಟೋದ ಬಗ್ಗೆಯೇ. ಬಸವ, ಜನ, ಲೈಟು. ಅಜ್ಜಿಯ ಬಗ್ಗೆ ಒಂದೂ ಇಲ್ಲ. ನಾನು ಬರೆದದ್ದು ಪೂರ್ತಿ ಅಜ್ಜಿಯ ಬಗ್ಗೆಯೇ ಆಗಿತ್ತು.

ಆವತ್ತಿನಿಂದ ಒಂದು ವಾರ ಇದೇ ತಲೆಯಲ್ಲಿ ಕೂತಿತ್ತು. ಒಂದು ಫೋಟೋಗೆ ಎಷ್ಟು ಬರೆಯಬೇಕು, ಹತ್ತು ಫೋಟೋಗೆ ಎಷ್ಟು, ಎಲ್ಲಿ ಎಂಟರ್ ಒತ್ತಬೇಕು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಪರಿಷೆಯಲ್ಲಿ ನಾಲ್ಕು ಗಂಟೆ ಸುತ್ತಿ ತೆಗೆದ ಫೋಟೋ ಯಾರಿಗೂ ಕಾಣದೆ ಹೋದರೆ ಹೊಟ್ಟೆ ಉರಿಯುತ್ತದೆ, ಅಲ್ವಾ.

ನಾನು ಹಾಕಿದ್ದ ಬರಹದ ಮೊದಲ ವಾಕ್ಯ ಹೀಗಿತ್ತು:

ಕಳೆದ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಹತ್ತಿರ ನಡೆದ ಕಡಲೆಕಾಯಿ ಪರಿಷೆಯಲ್ಲಿ ಮಾಗಡಿ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ನನಗೆ ಸೇರು ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದರು.

ಬಾಯಲ್ಲಿ ಹೇಳಿದರೆ ಇದರಲ್ಲಿ ತಪ್ಪೇನೂ ಇಲ್ಲ. ನಾವು ಮಾತಾಡುವುದೇ ಹಾಗೆ. ಯಾವಾಗ, ಎಲ್ಲಿ, ಯಾರು ಎಲ್ಲ ಹೇಳಿ, ಏನಾಯಿತು ಅನ್ನುವುದನ್ನು ಕೊನೆಗೆ ಇಡುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಎದುರಿಗೆ ಕೂತು ಕೇಳುವವರು ಅಲ್ಲಿಯವರೆಗೆ ಕಾಯುತ್ತಾರೆ, ಕಾಫಿ ಕುಡಿಯುತ್ತಾ ಹೂಂ ಅನ್ನುತ್ತಾರೆ.

ಫೋನ್ ಕಾಯುವುದಿಲ್ಲ. ಫೋಟೋ ಕೆಳಗೆ ಸುಮಾರು ಎರಡು ಸಾಲು ತೋರಿಸಿ, ಮೂರು ಚುಕ್ಕಿ ಇಟ್ಟು, ಮೋರ್ ಅಂತ ಹಾಕಿ ನಿಲ್ಲಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೆ ಸುಮಾರು 125 ಅಕ್ಷರ ಅಂತ ಲೆಕ್ಕ ಇಟ್ಟುಕೊಂಡಿರುತ್ತಾರೆ. ನಾನು ಅದನ್ನೇ ನಂಬಿಕೊಂಡಿದ್ದೆ. ಆದರೆ ನಮ್ಮ ಅಕ್ಷರ ಅಗಲ. ನನ್ನ ಫೋನಿನಲ್ಲಿ ಒಂದು ಸಾಲಿಗೆ ಜಾಗ ಎಲ್ಲ ಸೇರಿ ಇಪ್ಪತ್ತೈದು ಕನ್ನಡ ಅಕ್ಷರ ಹಿಡಿದರೆ ದೊಡ್ಡದು. ಅದರಲ್ಲೂ ಮೊದಲ ಸಾಲಿನ ಶುರುವಿನಲ್ಲಿ ನನ್ನ ಅಕೌಂಟಿನ ಹೆಸರು ಕೂತಿರುತ್ತದೆ. ಹೆಸರು ಉದ್ದ ಇದ್ದಷ್ಟೂ ಬರಹಕ್ಕೆ ಜಾಗ ಕಮ್ಮಿ.

ಹಾಗಾಗಿ ಜನಕ್ಕೆ ಕಂಡದ್ದು "ಕಳೆದ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ" ಅಷ್ಟೇ. ಮೇಲೆ ಬಸವಣ್ಣನ ಫೋಟೋ, ಕೆಳಗೆ ಬಸವಣ್ಣನ ಅಂತ ನಿಂತ ವಾಕ್ಯ. ಓಹೋ ಪರಿಷೆ, ಗೊತ್ತು ಬಿಡಿ, ಅಂತ ಜನ ಮುಂದೆ ಹೋದರು. ಅವರದೇನೂ ತಪ್ಪಿಲ್ಲ. ಏನಾಯಿತು ಅನ್ನುವ ಮಾತು ಮೋರ್ ಹಿಂದೆ ಅಡಗಿತ್ತು.

ಇಂಗ್ಲಿಷ್ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದರೂ ಯಾರೋ ಏನೋ ಮಾಡಿದರು ಅನ್ನುವುದು ಸಾಮಾನ್ಯವಾಗಿ ಉಳಿಯುತ್ತದೆ, ಅಲ್ಲಿ ಕ್ರಿಯಾಪದ ಮುಂಚೆಯೇ ಬಂದಿರುತ್ತದೆ. ನಮ್ಮದನ್ನು ಕತ್ತರಿಸಿದರೆ ಊರು, ತಿಥಿ, ವಾರ ಉಳಿಯುತ್ತದೆ, ಆದದ್ದು ಹೋಗುತ್ತದೆ. ಇಂಗ್ಲಿಷ್ ಕ್ಯಾಪ್ಷನ್‌ಗೆ ಅಂತ ಹೇಳಿಕೊಡುವ ಕಿವಿಮಾತುಗಳು ನಮಗೆ ಪೂರ್ತಿ ಒಗ್ಗದಿರುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ಮುಖ್ಯವಾದ್ದನ್ನು ಮೊದಲು ಹೇಳಿ ಅನ್ನುತ್ತಾರೆ. ಕನ್ನಡದಲ್ಲಿ ಹಾಗೆ ಹೇಳಬೇಕಾದರೆ ಪದ ಹಿಂದುಮುಂದು ಮಾಡಿದರೆ ಸಾಲದು, ಅದು ನಾಟಕದ ಮಾತಿನ ಹಾಗೆ ಕೇಳುತ್ತದೆ. ವಾಕ್ಯವನ್ನೇ ಚಿಕ್ಕದು ಮಾಡಬೇಕು. ಎರಡು ಸಾಲು ಮುಗಿಯುವ ಮುಂಚೆ ಪೂರ್ಣವಿರಾಮ ಬರಬೇಕು.

ಒಂದು ವಾರ ಬಿಟ್ಟು ಅಜ್ಜಿಯ ಫೋಟೋ ಒಂದನ್ನೇ ಬೇರೆ ಪೋಸ್ಟ್ ಮಾಡಿದೆ. ಆಗ ಮೊದಲ ವಾಕ್ಯ ಇದು:

ಅಜ್ಜಿ ಸೇರು ತುಂಬಿಸಿ, ಮೇಲೊಂದು ಹಿಡಿ ಹಾಕಿದರು.

ಹದಿನಾರೇ ಅಕ್ಷರ. ಹಾಕಿದರು ಅನ್ನುವುದು ಎರಡನೇ ಸಾಲಿನೊಳಗೇ ಬಂದು ಬೀಳುತ್ತದೆ. ಕಾರ್ತಿಕ, ಸೋಮವಾರ, ಬಸವನಗುಡಿ ಎಲ್ಲ ಆಮೇಲೆ ಬಂದರೆ ಸಾಕು. ಫೋಟೋದಲ್ಲಿ ಕಡಲೆಕಾಯಿ ಗುಡ್ಡೆ ಇದೆ, ಬೆಂಗಳೂರಿನವರಿಗೆ ಅದು ಯಾವ ಜಾಗ ಅಂತ ಬೇರೆ ಹೇಳಬೇಕೇ?

ಆ ಫೋಟೋ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಅಜ್ಜಿಯ ಮುಖ ಅರ್ಧ ಮಾತ್ರ ಕಾಣುತ್ತದೆ, ಸೆರಗು ಅಡ್ಡ ಬಂದಿದೆ. ನಡುವೆ ಇರುವುದು ಅವರ ಕೈ. ಎಡಗೈಯಲ್ಲಿ ತಗಡಿನ ಸೇರು, ಅದರ ಒಂದು ಬದಿ ನೆಗ್ಗಿದೆ. ಬಲಗೈ ಸೇರಿನ ಮೇಲಿದೆ, ಬೆರಳ ಸಂದಿಯಿಂದ ಎರಡು ಕಾಯಿ ಜಾರಿ ಬೀಳುತ್ತಿವೆ. ಸೇರು ನೆಗ್ಗಿದೆಯಲ್ಲ ಅಜ್ಜಿ, ನನಗೆ ಲಾಸು, ಅಂತ ನಾನು ತಮಾಷೆ ಮಾಡಿದ್ದೆ. ಅದಕ್ಕೇ ಈ ಹಿಡಿ ಕಣಮ್ಮ, ಅಂದರು. ಕಥೆ ಇಷ್ಟೇ.

ಇದನ್ನು ಬರೆಯುವಾಗ ಒಂಟಿ ಫೋಟೋದ ಬಗ್ಗೆ ಒಂದು ವಿಷಯ ಗೊತ್ತಾಯಿತು. ಒಂಟಿ ಫೋಟೋ ಆದರೆ ನೋಡುವವರ ಕಣ್ಣು ಒಮ್ಮೆ ಮೇಲೆ ನಿಂತು, ಆಮೇಲೆ ಕೆಳಗೆ ಇಳಿಯುತ್ತದೆ. ಪಕ್ಕಕ್ಕೆ ಹೋಗುವ ದಾರಿ ಇಲ್ಲ. ಹಾಗಾಗಿ ಉದ್ದ ಬರೆದರೂ ನಡೆಯುತ್ತದೆ. ಆದರೆ ಮೋರ್ ಒತ್ತಿ ಓದುತ್ತಾ ಹೋದ ಹಾಗೆ ಫೋಟೋ ಮೇಲಕ್ಕೆ ಸರಿದು ಪರದೆಯಿಂದ ಆಚೆ ಹೋಗುತ್ತದೆ. ನಾಲ್ಕಕ್ಕೆ ಐದು ಅಳತೆಯ ಉದ್ದನೆ ಫೋಟೋ ಹಾಕಿದರೆ ಅದೇ ಪರದೆಯ ಅರ್ಧಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಫೋಟೋ ಇನ್ನೂ ಪೂರ್ತಿ ಕಾಣುತ್ತಿರುವಾಗಲೇ ಓದಲು ಸಿಗುವುದು ನನ್ನ ಫೋನಿನಲ್ಲಿ ಆರೇಳು ಸಾಲು. ಅಡ್ಡ ಫೋಟೋ ಆದರೆ ಇನ್ನೂ ಸುಮಾರು ಸಾಲು ಸಿಗುತ್ತದೆ.

ಹಾಗಾದರೆ ಆ ಆರೇಳು ಸಾಲಿನಲ್ಲಿ ಏನಿರಬೇಕು? ಫೋಟೋವನ್ನು ತಿರುಗಿ ನೋಡುವಂತೆ ಮಾಡುವ ಮಾತು. ನೆಗ್ಗಿದ ಸೇರು, ಜಾರುವ ಎರಡು ಕಾಯಿ. ಓದಿದವರು ಹೌದಾ ಅಂತ ಕಣ್ಣು ಮೇಲೆತ್ತಿ ನೋಡಬೇಕು, ಆಗ ಫೋಟೋ ಅಲ್ಲೇ ಇರಬೇಕು. ಕಣ್ಣಿಗೆ ಬೇಡದ್ದನ್ನೆಲ್ಲ ಎರಡನೇ ಪ್ಯಾರಾಕ್ಕೆ ತಳ್ಳಬಹುದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಕಡಲೆಕಾಯಿ ಬೆಳೆಯನ್ನು ಒಂದು ಬಸವ ಬಂದು ಮೇಯುತ್ತಿತ್ತು, ಅದಕ್ಕೇ ಮೊದಲ ಬೆಳೆ ಬಸವಣ್ಣನಿಗೆ ಕೊಡುವುದು ಶುರುವಾಯಿತು ಅನ್ನುವ ಕಥೆ ಇದೆಯಲ್ಲ, ಅದನ್ನು ಓದುವಾಗ ಅಜ್ಜಿಯ ಕೈ ಕಾಣದಿದ್ದರೂ ನಷ್ಟವಿಲ್ಲ. ಮೊದಲು ನಾನು ಉಲ್ಟಾ ಮಾಡಿದ್ದೆ. ಬಸವಣ್ಣನ ಕಥೆ ಮೊದಲು, ಸೇರು ಕೊನೆಗೆ. ಸೇರಿನ ಹತ್ತಿರ ಬರುವಷ್ಟರಲ್ಲಿ ಸೇರೇ ಮಾಯ.

ಉದ್ದದ ಬಗ್ಗೆ ಇನ್ನೊಂದು ಎಡವಟ್ಟು. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ಗೆ ಗರಿಷ್ಠ 2,200 ಅಕ್ಷರ. ಕೈಯಲ್ಲಿ ಎಣಿಸಿದರೆ ನನ್ನದು ಸಾವಿರದ ಇನ್ನೂರೂ ದಾಟಿರಲಿಲ್ಲ, ಆದರೂ ಜಾಸ್ತಿಯಾಯಿತು ಅಂದಿತು. ಮೊದಲಿಗೆ ಫೋನ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ನಮಗೆ ಒಂದಕ್ಷರ ಆದದ್ದು ಮೆಷಿನ್ನಿಗೆ ಒಂದಲ್ಲ. ಕಾಗುಣಿತದ ಗುರುತು ಬೇರೆ, ಒತ್ತಕ್ಷರ ಮಾಡುವ ಗುರುತು ಬೇರೆ ಅಂತ ಅದು ಎಣಿಸುತ್ತದೆ. ಪರಿಷೆ ನಮಗೆ ಮೂರಕ್ಷರ, ಅದಕ್ಕೆ ಐದು. ಕಡಲೆಕಾಯಿ ನಮಗೆ ಐದು, ಅದಕ್ಕೆ ಎಂಟು. ಸ್ತ್ರೀ ಅಂತ ಒಂದೇ ಅಕ್ಷರ ಬರೆದರೆ ಆರು. ಜಾಗಗಳನ್ನೂ ಸೇರಿಸಿದರೆ ನಮ್ಮ ಎಣಿಕೆಯ ಎರಡರಷ್ಟಕ್ಕೆ ಹತ್ತಿರ ಹೋಗಿ ನಿಲ್ಲುತ್ತದೆ. ಹಾಗಾಗಿ ಸಾವಿರದ ಹತ್ತಿರ ಬಂದರೆ ಈಗ ನಾನೇ ನಿಲ್ಲಿಸುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟು ಉದ್ದ ಬೇಕಾಗುವುದೂ ಅಪರೂಪ. ಅಜ್ಜಿಯ ಪೋಸ್ಟ್ ಮೂರು ಪ್ಯಾರಾಕ್ಕೆ ಮುಗಿಯಿತು.

ಇನ್ನು ಎಂಟರ್ ವಿಷಯ. ಹಿಂದೆ ಖಾಲಿ ಸಾಲು ಬಿಟ್ಟರೆ ಪೋಸ್ಟ್ ಆದ ಮೇಲೆ ಅಂಟಿಕೊಂಡು ಒಂದೇ ಗುಪ್ಪೆ ಆಗಿಬಿಡುತ್ತಿತ್ತು, ಅದಕ್ಕೆ ಜನ ಸಾಲಿಗೊಂದು ಚುಕ್ಕಿ ಇಟ್ಟು ಕೆಳಗೆ ಇಳಿಯುತ್ತಿದ್ದರು. ಈಗ ಆ ಚುಕ್ಕಿಗಳು ಬೇಡ, ಖಾಲಿ ಸಾಲು ನಿಲ್ಲುತ್ತದೆ. ಆದರೆ ಖಾಲಿ ಸಾಲು ಸುಲಭವಾಯಿತು ಅಂತ ಒಂದೊಂದು ವಾಕ್ಯಕ್ಕೂ ಎಂಟರ್ ಒತ್ತುವ ರೋಗ ಹತ್ತಿದೆ. ನನಗೂ ಹತ್ತಿತ್ತು. ಕವಿತೆಯ ಹಾಗೆ ಕಾಣುತ್ತದೆ ಅನ್ನುವ ಆಸೆ.

ಅಮ್ಮನ ಫೋನಿನಲ್ಲಿ ನೋಡಿದ ಮೇಲೆ ಆ ಆಸೆ ಇಳಿಯಿತು. ಅಮ್ಮ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ, ಕನ್ನಡಕ ಹುಡುಕುವುದು ತಪ್ಪಲಿ ಅಂತ. ನಾನು ಬೇಕೆಂದೇ ಒಂದು ಸಾಲಿಗೆ ಕೂರಿಸಿದ್ದ ವಾಕ್ಯ ಅಲ್ಲಿ ಎರಡು ಸಾಲಾಗಿತ್ತು. ಎರಡನೇ ಸಾಲಿನಲ್ಲಿ ಒಂದೇ ಒಂದು ಪದ, ಹಾಕಿದರು ಅಂತ. ಅದರ ಕೆಳಗೆ ನಾನು ಒತ್ತಿದ ಎಂಟರ್. ಮುಂದಿನದೂ ಹಾಗೆಯೇ, ಒಂದು ಉದ್ದ, ಒಂದು ತುಂಡು. ನಮ್ಮಲ್ಲಿ ಪದಗಳೇ ಉದ್ದ, ಪ್ರತ್ಯಯ ಎಲ್ಲ ಅಂಟಿಕೊಂಡಿರುತ್ತವೆ. ಪರಿಷೆಯಲ್ಲಿದ್ದವರೆಲ್ಲರೂ ಅಂತ ಒಂದೇ ಪದ ಬರೆದರೆ ಅದು ಮುರಿಯುವುದಿಲ್ಲ, ಪೂರ್ತಿಯಾಗಿ ಕೆಳಗಿನ ಸಾಲಿಗೆ ಜಿಗಿಯುತ್ತದೆ, ಮೇಲಿನ ಸಾಲಲ್ಲಿ ಬೋಳು ಜಾಗ ಉಳಿಯುತ್ತದೆ.

"ಇದ್ಯಾಕೆ ಹೀಗೆ ಹರಿದು ಹಾಕಿದ್ದೀಯ?" ಅಂತ ಅಮ್ಮ ಕೇಳಿದರು. ಕವಿತೆ ಅಂತ ಹೇಳಲು ಬಾಯಿ ಬರಲಿಲ್ಲ.

ಹಾಗಾಗಿ ಈಗ ಹೀಗೆ ಮಾಡುತ್ತೇನೆ. ಕೈಯಾರೆ ಸಾಲು ಮುರಿಯಬೇಕೆಂದರೆ ಸಾಲು ತುಂಬ ಚಿಕ್ಕದಿರಬೇಕು, ಹದಿನೈದು ಅಕ್ಷರದೊಳಗೆ, ಅಮ್ಮನ ಫೋನಿನಲ್ಲೂ ಹಿಡಿಯುವ ಹಾಗೆ. ಅದಕ್ಕಿಂತ ಉದ್ದ ಆದರೆ ಮುರಿಯುವುದೇ ಬೇಡ, ಪ್ಯಾರಾ ಮಾಡಿ ಬಿಟ್ಟರೆ ಫೋನೇ ತನಗೆ ಬೇಕಾದ ಹಾಗೆ ಮಡಚಿಕೊಳ್ಳುತ್ತದೆ. ಒಂಟಿ ಫೋಟೋದ ಬರಹಕ್ಕೆ ನಾನು ಪ್ಯಾರಾವನ್ನೇ ಇಡುತ್ತೇನೆ, ನಾಲ್ಕೈದು ಸಾಲಿಗೊಂದು, ನಡುವೆ ಒಂದು ಖಾಲಿ ಸಾಲು. ಮೊದಲ ವಾಕ್ಯದ ಬೆನ್ನಿಗೇ ಮಾತ್ರ ಎಂಟರ್ ಒತ್ತುವುದಿಲ್ಲ. ಒತ್ತಿದರೆ ಮೋರ್ ಬರುವ ಮುಂಚೆ ಸಿಗುವ ಎರಡೇ ಸಾಲಿನಲ್ಲಿ ಒಂದನ್ನು ಗಾಳಿಗೆ ಬಿಟ್ಟ ಹಾಗೆ.

ಕ್ಯಾರೊಸೆಲ್ ಲೆಕ್ಕವೇ ಬೇರೆ. ಅಲ್ಲಿ ಬೆರಳು ಪಕ್ಕಕ್ಕೆ ಓಡುತ್ತದೆ. ನೋಡುವವರ ಹತ್ತಿರ ಇರುವ ಸಮಯವನ್ನೆಲ್ಲ ಫೋಟೋಗಳೇ ತೆಗೆದುಕೊಳ್ಳುತ್ತವೆ, ಬರಹಕ್ಕೆ ಉಳಿಯುವುದು ಚೂರು. ಫೋಟೋ ಹತ್ತಿದ್ದರೂ ಬರಹ ಒಂದೇ. ನೀವು ಸರಿಸುತ್ತಾ ಹೋದರೂ ಕೆಳಗಿನ ಎರಡು ಸಾಲು ಅಲ್ಲಾಡದೆ ಅಲ್ಲೇ ಕೂತಿರುತ್ತದೆ. ಅಂದರೆ ಆ ಮೊದಲ ವಾಕ್ಯ ಬಸವಣ್ಣನ ಕೆಳಗೂ ಸರಿ ಹೊಂದಬೇಕು, ಅಜ್ಜಿಯ ಕೆಳಗೂ ಹೊಂದಬೇಕು, ಕೊನೆಯ ಸಿಪ್ಪೆ ರಾಶಿಯ ಕೆಳಗೂ ಹೊಂದಬೇಕು. ಇನ್ನೂ ಒಂದಿದೆ. ಮೊದಲ ಸಲ ಸರಿಸದೆ ಹೋದವರಿಗೆ ಅದೇ ಪೋಸ್ಟು ಮತ್ತೆ ಬಂದಾಗ ಎರಡನೇ ಫೋಟೋದಿಂದ ಶುರುವಾಗುವುದೂ ಉಂಟು. ಹಾಗಾಗಿ ಮೇಲೆ ಕಾಣುವ ಬಸವಣ್ಣ ಅಂತ ಬರೆದರೆ, ಮೇಲೆ ಬೇರೇನೋ ಕಾಣುತ್ತಿರುತ್ತದೆ.

ಪರಿಷೆಯ ಕ್ಯಾರೊಸೆಲ್ಲಿನ ಬರಹವನ್ನು ಅಳಿಸಿ ಮತ್ತೆ ಬರೆದೆ. ಬರಹವನ್ನು ಆಮೇಲೂ ತಿದ್ದಬಹುದು, ಅದೊಂದು ಪುಣ್ಯ. ಮೊದಲು ಒಂದಿಷ್ಟು ಕೆಟ್ಟ ಸಾಲುಗಳು ಬಂದವು. ಪರಿಷೆಯ ಕೆಲವು ನೋಟಗಳು, ಅಂತ ಬರೆದು ನನಗೇ ನಗು ಬಂತು. ಕೆಲವು ನೋಟ ಅಂತ ಕಾಣುತ್ತಿದೆಯಲ್ಲ, ಹೇಳುವುದೇನಿದೆ. ಕೊನೆಗೆ ಉಳಿದದ್ದು ಇದು:

ಬೆಳಿಗ್ಗೆ ಆರಕ್ಕೆ ಮೂಟೆ ಬಿಚ್ಚಿದರು, ಸಂಜೆಗೆ ರಸ್ತೆ ತುಂಬ ಸಿಪ್ಪೆ.

ಇದು ಯಾವ ಫೋಟೋ ಕೆಳಗೆ ಇದ್ದರೂ ಸುಳ್ಳಾಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆಗೆ ಅಂದ ತಕ್ಷಣ ಪಕ್ಕಕ್ಕೆ ಸರಿಸಿದರೆ ಹೊತ್ತು ಮುಂದೆ ಹೋಗುತ್ತದೆ ಅಂತಲೂ ಗೊತ್ತಾಗುತ್ತದೆ. ಸ್ವೈಪ್ ಮಾಡಿ ಅಂತ ಬಾಣದ ಗುರುತು ಹಾಕುವ ಕೆಲಸ ಉಳಿಯಿತು. ಎರಡು ಕ್ರಿಯೆ ಇದ್ದ ಹಾಗೆ ಅನ್ನಿಸಿದರೂ ಎರಡನೇ ಅರ್ಧದಲ್ಲಿ ಕ್ರಿಯಾಪದವೇ ಇಲ್ಲ, ಅದಕ್ಕೇ ಎರಡು ಸಾಲಿನೊಳಗೆ ಹಿಡಿಯಿತು. ಇದೇ ನೆಪದಲ್ಲಿ ಫೋಟೋಗಳ ಸಾಲು ಸರಿಯಿಲ್ಲ ಅನ್ನುವುದೂ ತಿಳಿಯಿತು. ನಾನು ಚೆಂದ ಅನ್ನಿಸಿದ್ದನ್ನು ಮುಂದೆ ಇಟ್ಟಿದ್ದೆ, ಹೊತ್ತಿನ ಲೆಕ್ಕ ಇರಲಿಲ್ಲ. ಬರಹ ಉಳಿಯಬೇಕೆಂದರೆ ಫೋಟೋ ಜಾಗ ಬದಲಾಗಬೇಕಿತ್ತು, ಆದ್ದರಿಂದ ಹಳೆಯದನ್ನು ತೆಗೆದು ಹೊಸದಾಗಿ ಹಾಕಿದೆ. ಲೈಕು ಹೋಯಿತು, ಹೋಗಲಿ. ಅಜ್ಜಿಯನ್ನೂ ಈ ಸಲ ಕ್ಯಾರೊಸೆಲ್ಲಿನಿಂದ ಹೊರಗಿಟ್ಟೆ, ಅವರಿಗೆ ಒಂಟಿ ಪೋಸ್ಟೇ ಸರಿ ಅಂತ.

ಆ ವಾಕ್ಯದ ಕೆಳಗೆ ಖಾಲಿ ಸಾಲು ಬಿಟ್ಟು ಮೂರೇ ಮೂರು ಚಿಕ್ಕ ಸಾಲು ಬರೆದೆ.

2 ಮಾಗಡಿಯ ಮೂಟೆ
5 ಹಸಿಯದು, ಹುರಿದದ್ದು
9 ರಾತ್ರಿ ಹತ್ತೂವರೆ

ಕ್ಯಾರೊಸೆಲ್ಲಿನಲ್ಲಿ ಸಾಲು ಮುರಿಯುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇದು ಓದುವ ಬರಹ ಅಲ್ಲ, ಹುಡುಕುವ ಬರಹ. ಯಾರಿಗೋ ಐದನೇ ಫೋಟೋದಲ್ಲಿ ಏನಪ್ಪ ಎರಡು ಗುಡ್ಡೆ ಅನ್ನಿಸಿದರೆ ಕೆಳಗೆ ಬಂದು 5 ಹುಡುಕಿ ತಕ್ಷಣ ಮೇಲೆ ಹೋಗಬೇಕು. ಪ್ಯಾರಾದೊಳಗೆ ಐದನೇ ಫೋಟೋದಲ್ಲಿ ಹೀಗಿದೆ, ಆರನೆಯದರಲ್ಲಿ ಹಾಗಿದೆ ಅಂತ ಪೋಣಿಸಿದರೆ ಆ ಹುಡುಕಾಟವೇ ದೊಡ್ಡ ಕೆಲಸ. ಹತ್ತಕ್ಕೆ ಹತ್ತೂ ಬರೆಯುವುದೂ ಬೇಡ. ಕಣ್ಣಿಗೆ ಕಾಣುವುದನ್ನು ಬಿಟ್ಟು, ಕಂಡರೂ ಅರ್ಥವಾಗದ್ದಕ್ಕೆ ಮಾತ್ರ ಒಂದು ಸಾಲು. ಅಂಕಿಯನ್ನು ಮೊದಲು ನಾನು ೨, ೫, ೯ ಅಂತ ಕನ್ನಡದಲ್ಲೇ ಬರೆದಿದ್ದೆ. ಫೋಟೋ ಮೂಲೆಯಲ್ಲಿ ಬರುವ ಎಣಿಕೆ 5/9 ಅಂತ ಬೇರೆ ಅಂಕಿಯಲ್ಲಿ ಇರುತ್ತದೆ, ಎರಡನ್ನೂ ಹೊಂದಿಸಿ ನೋಡಲು ತಂಗಿಗೇ ಒಂದು ಕ್ಷಣ ಬೇಕಾಯಿತು. ಮನಸ್ಸಿಲ್ಲದೆ ಬದಲಾಯಿಸಿದೆ.

ಈ ಅಂಕಿಗಳಿಗೆ ಒಂದು ಅಪಾಯವೂ ಇದೆ. ಪೋಸ್ಟ್ ಆದ ಮೇಲೆ ನಾಲ್ಕನೇ ಫೋಟೋದಲ್ಲಿ ಪರಿಚಯವಿಲ್ಲದ ಮಗುವಿನ ಮುಖ ಸ್ಪಷ್ಟವಾಗಿ ಕಂಡಿತು ಅಂತ ಅದೊಂದನ್ನು ಅಳಿಸಿದೆ. ಐದು ನಾಲ್ಕಾಯಿತು, ಒಂಬತ್ತು ಎಂಟಾಯಿತು, ಬರಹ ಮಾತ್ರ ಹಾಗೇ ಇತ್ತು. ಹುರಿದ ಕಡಲೆಕಾಯಿ ಅಂತ ಬರೆದ ಕಡೆ ಜನ ಎರಡು ದಿನ ಬೆಂಡು ಬತ್ತಾಸು ನೋಡಿದರು. ಒಬ್ಬರೂ ಹೇಳಲಿಲ್ಲ. ನಾನೇ ಸುಮ್ನೆ ಒಂದು ಸಲ ತೆರೆದಾಗ ಗೊತ್ತಾಯಿತು.

ಬರಹವನ್ನು ಫೋಟೋ ಮೇಲೆಯೇ ಅಚ್ಚು ಮಾಡಿದರೆ ಈ ತಾಪತ್ರಯ ಇಲ್ಲ ಅಂತ ಸ್ನೇಹಿತೆಯೊಬ್ಬಳು ಹೇಳಿದಳು. ಹೌದು, ಆದರೆ ಅಚ್ಚಾದ ಮೇಲೆ ಕಾಗುಣಿತ ತಪ್ಪಿದರೆ ತಿದ್ದುವ ಹಾಗಿಲ್ಲ. ಕಡಲೆಕಾಯಿ ಗುಡ್ಡೆಯ ಮೇಲೆ ಬಿಳಿ ಅಕ್ಷರ ಬರೆದರೆ ಒತ್ತು ಯಾವುದು ಸಿಪ್ಪೆ ಯಾವುದು ಅಂತಲೂ ತಿಳಿಯುವುದಿಲ್ಲ. ಪಾಕವಿಧಾನದಂಥದ್ದಕ್ಕೆ ಸರಿ ಇರಬಹುದು, ನನ್ನ ಫೋಟೋಗಳಿಗೆ ಬೇಡ.

ಆ ಹತ್ತರಲ್ಲಿ ಇಲ್ಲದ ಇನ್ನೊಂದು ಫೋಟೋ ಹಾಕದೆ ಹಾಗೇ ಉಳಿದಿದೆ. ಪರಿಷೆಯ ಮಾರನೇ ದಿನ ಬೆಳಿಗ್ಗೆ ತೆಗೆದದ್ದು. ಬುಲ್ ಟೆಂಪಲ್ ರಸ್ತೆಯಲ್ಲಿ ಮೂವರು ಪೌರಕಾರ್ಮಿಕರು ಸಿಪ್ಪೆ ಗುಡಿಸುತ್ತಿದ್ದರು, ಅವರ ಹಿಂದೆ ಆಗಲೇ ಸೌತೆಕಾಯಿ ಗಾಡಿಯವನು ಬಂದು ನಿಂತಿದ್ದ. ಅದನ್ನು ಒಂಟಿಯಾಗಿ ಹಾಕಬೇಕು ಅಂತಿದೆ. ಅಡ್ಡ ಫೋಟೋ, ಹಾಗಾಗಿ ಸಾಲು ಸ್ವಲ್ಪ ಜಾಸ್ತಿ ಸಿಗುತ್ತದೆ. ಮೊದಲ ವಾಕ್ಯ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದೇನೆ. ಸದ್ಯಕ್ಕೆ ಹೀಗಿದೆ: ಸಿಪ್ಪೆಗೂ ಒಂದು ಸೇರು ಇದ್ದಿದ್ದರೆ ಅಂತ ಒಬ್ಬರು ನಕ್ಕರು. ಎರಡನೇ ಸಾಲಿನೊಳಗೆ ನಕ್ಕರು ಬರುತ್ತದೋ ಇಲ್ಲವೋ ಅಂತ ಅಮ್ಮನ ಫೋನಿನಲ್ಲಿ ನೋಡಬೇಕು, ಅವರು ಮಧ್ಯಾಹ್ನದ ನಿದ್ದೆಯಿಂದ ಎದ್ದ ಮೇಲೆ.